ಬರುವಾಗ ಒಂದು ಜೊತೆ ಶೂ ತಾ

ಮರಳೂರು, ತುಮಕೂರು



ಅಮೆರಿಕದಿಂದ ಏನು ತರಲಿ ಎಂದು ಕೇಳಿದ್ದೆಯಲ್ಲ, ನಡೆಯುವುದಕ್ಕೆ ಹಿತವಾದ ಒಂದು ಜೊತೆ ಶೂ ತಾ. ನಂಬರನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಬರೀ ನಂಬರಿನಿಂದ ಕೆಲಸವಾಗುವುದಿಲ್ಲ, ಅದಕ್ಕೇ ಪಾದದ ಗೆರೆ ಎಳೆದ ಹಾಳೆಗಳನ್ನು ಇದರ ಜೊತೆ ಇಟ್ಟಿದ್ದೇನೆ.

ಸಂಜೆ ಹೊತ್ತಿಗೆ ಪಾದ ಸ್ವಲ್ಪ ಊದಿಕೊಳ್ಳುತ್ತದೆ. ಆದ್ದರಿಂದ ಸಂಜೆಯೇ, ಕಾಲುಚೀಲ ಹಾಕಿಕೊಂಡು, ಮೈಭಾರ ಬಿಟ್ಟು ನಿಂತೆ. ನಿಮ್ಮಮ್ಮ ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆದಳು. ಎಡಗಾಲು 25.6 ಸೆಂಟಿಮೀಟರ್, ಬಲಗಾಲು 26.1. ದೊಡ್ಡ ಕಾಲನ್ನೇ ಲೆಕ್ಕಕ್ಕೆ ಹಿಡಿ. ಇಲ್ಲಿ ನನ್ನದು ಏಳು. ಅಲ್ಲಿಯ ಗಂಡಸರ ನಂಬರು ಸಾಮಾನ್ಯವಾಗಿ ಒಂದು ಹೆಚ್ಚು, ಎಂದರೆ ಎಂಟರ ಆಸುಪಾಸು.

ನನ್ನ ತೊಂದರೆ ಇರುವುದು ಉದ್ದದಲ್ಲಲ್ಲ, ಅಗಲದಲ್ಲಿ. ವಯಸ್ಸಾದಂತೆ ಪಾದ ಹರಡಿಕೊಂಡಿದೆ. ಬಿಗಿ ಎಂದರೆ ಅಂಗಡಿಯವರು ಒಂದು ನಂಬರ್ ದೊಡ್ಡದು ಕೊಡುತ್ತಾರೆ. ಆಗ ಕಿರುಬೆರಳ ಪಕ್ಕ ಅಷ್ಟಿಷ್ಟು ಸಡಿಲವಾದರೂ ಹಿಮ್ಮಡಿ ಜಾರುತ್ತದೆ, ಶೂವಿನ ತುದಿ ಕಲ್ಲಿಗೆ ತಾಗಿ ಎಡವುವಂತಾಗುತ್ತದೆ. ಅಲ್ಲಿ ಒಂದೇ ನಂಬರಿನಲ್ಲಿ ಬೇರೆ ಬೇರೆ ಅಗಲ ಸಿಗುತ್ತದೆ. ಗಂಡಸರಿಗೆ ಡಿ ಎಂದರೆ ಸಾಧಾರಣ, 2ಇ ಅಗಲ, 4ಇ ಇನ್ನೂ ಅಗಲ. ಮೊದಲು 2ಇ ಕೇಳು. ಶೂ ಒಳಗಿನ ಮೆತ್ತೆ ಹೊರತೆಗೆದು ನನ್ನ ಹಾಳೆಯ ಮೇಲಿಟ್ಟು ನೋಡು. ಪಾದದ ಗೆರೆ ಮೆತ್ತೆಯಾಚೆ ಚಾಚಿದರೆ ಆ ಶೂ ಬೇಡ. ಬೆರಳ ಮುಂದೆ ಹೆಬ್ಬೆರಳಗಲದ ಜಾಗ ಉಳಿಯಲಿ.

ಇಷ್ಟು ಒತ್ತಿ ಹೇಳುವುದಕ್ಕೆ ನನ್ನ ಸಕ್ಕರೆ ಕಾಯಿಲೆ ಕಾರಣ. ಡಾಕ್ಟರು ನೈಲಾನ್ ಎಳೆಯಿಂದ ಅಂಗಾಲು ಚುಚ್ಚಿದಾಗ ಎರಡು ಕಡೆ ನನಗೆ ಗೊತ್ತೇ ಆಗಲಿಲ್ಲ. ಅಂಥ ಕಾಲಿಗೆ ಶೂ ಕಚ್ಚಿದರೂ ನೋವು ಹೇಳುವುದಿಲ್ಲ. ಹಿಂದಿನ ಜೊತೆ ಕಚ್ಚಿ ಗುಳ್ಳೆ ಎದ್ದದ್ದು ತಿಳಿದದ್ದು ಕಾಲುಚೀಲದ ಕಲೆಯಿಂದ. ಆ ಗುಳ್ಳೆ ಒಣಗುವ ತನಕ ಅಮಾನಿಕೆರೆಯ ವಾಕಿಂಗ್ ನಿಂತುಹೋಯಿತು. ಈಗ ಹಾಕುವ ಮುಂಚೆ ಒಳಗೆ ಕೈಯಾಡಿಸುತ್ತೇನೆ, ಬಿಚ್ಚಿದ ಮೇಲೆ ಕೆಂಪಗಾಗಿದೆಯೇ ಎಂದು ನೋಡಿಕೊಳ್ಳುತ್ತೇನೆ.

ಅಟ್ಟೆ ತೀರಾ ದಪ್ಪ, ತೀರಾ ಮೆತ್ತಗೆ ಇರಬಾರದು. ಅಂಗಡಿಯಲ್ಲಿ ನಾಲ್ಕು ಹೆಜ್ಜೆಗೆ ಅದು ಹಾಯೆನಿಸಬಹುದು, ನನ್ನ ವಯಸ್ಸಿಗೆ ನೆಲದ ಹಿಡಿತವೇ ತಪ್ಪುತ್ತದೆ. ಕೈಯಲ್ಲಿ ಬಗ್ಗಿಸಿದರೆ ಬೆರಳ ಬುಡದಲ್ಲಿ ಬಾಗಬೇಕು, ನಡುವೆ ಮಡಚಿಕೊಳ್ಳಬಾರದು. ಹಿಮ್ಮಡಿ ಹಿಡಿಯುವ ಭಾಗ ಗಟ್ಟಿಯಿರಲಿ. ಲಾಡಿಗಿಂತ ಅಂಟುಪಟ್ಟಿ ಸಲೀಸು, ಬಗ್ಗುವುದು ಈಗ ಕಷ್ಟ.

ನನಗೆ ಒಂದೇ ಜೊತೆ ಸಾಕು. ಕಪಾಟಿನಲ್ಲಿ ಜೋಪಾನ ಮಾಡಿದರೂ ಕೆಲವು ಅಟ್ಟೆಗಳು ಗಾಳಿಯ ತೇವಕ್ಕೇ ಕೆಲ ವರ್ಷಗಳಲ್ಲಿ ಪುಡಿಯಾಗುತ್ತವೆ. ತಂದ ದಿನದಿಂದಲೇ ಹಾಕುತ್ತೇನೆ, ಮೊದಮೊದಲು ಮನೆಯೊಳಗೆ ಒಂದೊಂದು ಗಂಟೆ.

ನಿಮ್ಮಮ್ಮನ ಪಾದದ ಹಾಳೆಗಳೂ ಇದೇ ಲಕೋಟೆಯಲ್ಲಿವೆ. ಅವಳು ತಾನಾಗಿ ಕೇಳುವವಳಲ್ಲ, ಅವಳಿಗೂ ಒಂದು ಜೊತೆ ತಾ. ಹೆಂಗಸರ ನಂಬರಿನ ಲೆಕ್ಕ ಅಲ್ಲಿ ಬೇರೆ, ಹಾಳೆ ತೋರಿಸಿಯೇ ಕೊಳ್ಳು.

ಇಂತಿ ನಿನ್ನ ತಂದೆ