ಆರನೆಯ ವರ್ಷದ ದವಡೆಹಲ್ಲು: ಗುರುತಿಸುವ ಬಗೆ ಮತ್ತು ಚೀಟಿಯ ಸಂಖ್ಯೆಯನ್ನು ಓದುವ ಕ್ರಮ

ಮಕ್ಕಳ ಹಾಲುಹಲ್ಲು ಬಿದ್ದಾಗ ಮನೆಯವರಿಗೆಲ್ಲ ತಿಳಿಯುತ್ತದೆ. ಬಿದ್ದ ಹಲ್ಲನ್ನು ಮಾಡಿನ ಮೇಲೆ ಎಸೆಯುವ ವಾಡಿಕೆ ಅನೇಕ ಮನೆಗಳಲ್ಲಿ ಇಂದಿಗೂ ಉಂಟು. ಆದರೆ ಮಗುವಿಗೆ ಸುಮಾರು ಆರು ವರ್ಷ ತುಂಬುವ ಹೊತ್ತಿಗೆ, ಯಾವ ಹಲ್ಲೂ ಬೀಳದೆ, ಯಾರ ಗಮನಕ್ಕೂ ಬಾರದೆ, ಬಾಯಿಯ ಹಿಂಭಾಗದಲ್ಲಿ ಒಂದು ದೊಡ್ಡ ಹಲ್ಲು ಮೂಡುತ್ತದೆ. ಇದು ಮೊದಲನೆಯ ಶಾಶ್ವತ ದವಡೆಹಲ್ಲು. ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು. ಇದನ್ನು ಹಾಲುಹಲ್ಲೆಂದು ತಿಳಿದು ಹುಳುಕಾಗಲು ಬಿಟ್ಟು, ಕೊನೆಗೆ ಕೀಳಿಸಿಕೊಂಡು ಹೋಗುವ ತಂದೆತಾಯಿಗಳನ್ನು ನಮ್ಮ ಆರೋಗ್ಯ ಕೇಂದ್ರದಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದೇನೆ. ಆದ್ದರಿಂದ ಈ ಪಾಠವನ್ನು ಆ ಒಂದು ಹಲ್ಲಿಗೇ ಮೀಸಲಿಡಲಾಗಿದೆ.

ಹಾಲುಹಲ್ಲುಗಳು ಒಟ್ಟು ಇಪ್ಪತ್ತು. ಸಾಮಾನ್ಯವಾಗಿ ಆರರಿಂದ ಹತ್ತು ತಿಂಗಳೊಳಗೆ ಕೆಳಗಿನ ನಡುವಣ ಬಾಚಿಹಲ್ಲು ಮೊದಲು ಕಾಣಿಸಿಕೊಳ್ಳುತ್ತದೆ. ಎರಡೂವರೆ ವರ್ಷದ ಸುಮಾರಿಗೆ ಇಪ್ಪತ್ತೂ ಬಂದಿರುತ್ತವೆ. ಬಾಯಿಯನ್ನು ನಾಲ್ಕು ಭಾಗಗಳಾಗಿ ಎಣಿಸಿಕೊಂಡರೆ, ಒಂದೊಂದು ಭಾಗದಲ್ಲಿ ಎರಡು ಬಾಚಿಹಲ್ಲು, ಒಂದು ಕೋರೆಹಲ್ಲು, ಎರಡು ದವಡೆಹಲ್ಲು, ಹೀಗೆ ಐದು. ಮುಂದೆ ಸುಮಾರು ಮೂರೂವರೆ ವರ್ಷಗಳ ಕಾಲ ಹೊಸ ಹಲ್ಲು ಬರುವುದಿಲ್ಲ. ಆ ಬಳಿಕ ಐದನೆಯ ಹಲ್ಲಿನ ಹಿಂದೆ, ಬರಿಯ ಒಸಡಿದ್ದ ಸ್ಥಳದಲ್ಲಿ, ಆರನೆಯದು ಮೇಲೇಳುತ್ತದೆ. ಆರರಿಂದ ಏಳು ವರ್ಷ ಇದರ ವಾಡಿಕೆಯ ಕಾಲ. ಒಂದು ವರ್ಷ ಹಿಂದುಮುಂದಾದರೆ ಚಿಂತೆಪಡಬೇಕಾದುದಿಲ್ಲ. ಹೆಣ್ಣುಮಕ್ಕಳಲ್ಲಿ ತುಸು ಮೊದಲೇ ಬರುವುದುಂಟು. ಒಂದು ಬದಿಯಲ್ಲಿ ಬಂದು ಆರು ತಿಂಗಳು ಕಳೆದರೂ ಇನ್ನೊಂದು ಬದಿಯಲ್ಲಿ ಬಾರದಿದ್ದರೆ ಮಾತ್ರ ದಂತವೈದ್ಯರಿಗೆ ತೋರಿಸತಕ್ಕದ್ದು.

ಈ ಹಲ್ಲಿಗೆ ಮುಂದೆ ಬದಲಿ ಹಲ್ಲು ಬರುವುದಿಲ್ಲ. ಹಾಲಿನ ದವಡೆಹಲ್ಲು ಹತ್ತರಿಂದ ಹನ್ನೆರಡು ವರ್ಷದೊಳಗೆ ಬಿದ್ದು, ಅದರ ಜಾಗಕ್ಕೆ ಹೊಸದು ಬರುತ್ತದೆ. ಆರನೆಯದು ಹೋದರೆ ಹೋಯಿತು.

ಒಂದು ನಿದರ್ಶನವನ್ನು ಹೇಳುತ್ತೇನೆ. ಏಳು ವರ್ಷ ಎರಡು ತಿಂಗಳಿನ ಒಬ್ಬ ಬಾಲಕಿಯನ್ನು ಅವಳ ತಂದೆತಾಯಿ ಕರೆತಂದಿದ್ದರು. ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಕೊಟ್ಟ ಚೀಟಿ ಅವರ ಕೈಯಲ್ಲಿತ್ತು. ಅದರಲ್ಲಿ "75, 36, ಹುಳುಕು" ಎಂದು ಬರೆದಿತ್ತು. ತಂದೆ ಚೀಟಿಯನ್ನು ಮುಂದಿಟ್ಟು, "ಡಾಕ್ಟ್ರೇ, ಬಾಯಲ್ಲಿರೋದೇ ಮೂವತ್ತೆರಡು ಹಲ್ಲು. ಮೂವತ್ತಾರನೇದು ಎಲ್ಲಿಂದ ಬಂತು? ಎಪ್ಪತ್ತೈದನೇದು ಎಲ್ಲಿಂದ ಬಂತು?" ಎಂದರು. ಅವರ ಪ್ರಶ್ನೆ ನ್ಯಾಯವಾದುದೇ. ಚೀಟಿಯನ್ನು ಬರೆದವರು ಅದನ್ನು ಓದುವ ಕ್ರಮವನ್ನು ಹೇಳಿರಲಿಲ್ಲ. ತಾಯಿ ಮಗುವಿನ ಬಾಯಿ ತೆರೆಸಿ ತಾವೇ ಎಣಿಸಿ ನೋಡಿದ್ದರು. "ನಾನು ಎಣಿಸಿದೀನಿ ಸಾರ್, ಐದೇ ಇರೋದು. ಹಿಂದಿನದು ಹಾಲುಹಲ್ಲೇ. ಬಿದ್ದುಹೋಗೋ ಹಲ್ಲಿಗೆ ಸಿಮೆಂಟು ಯಾಕೆ, ಕಿತ್ತುಬಿಡಿ" ಎಂದರು.

ಅವರ ಎಣಿಕೆಯಲ್ಲಿ ಹಲ್ಲುಗಳ ಲೆಕ್ಕ ಸರಿಯಾಗಿತ್ತು, ಸ್ಥಾನಗಳ ಲೆಕ್ಕ ತಪ್ಪಿತ್ತು. ನಾವು ಕೆಳದವಡೆಯ ಎಡಭಾಗವನ್ನು ನಡುಗೆರೆಯಿಂದ ಮತ್ತೆ ಎಣಿಸಿದೆವು. ಮೊದಲನೆಯದು ಹೊಸದಾಗಿ ಬಂದ, ಅಂಚಿನಲ್ಲಿ ಗರಗಸದಂತೆ ಸಣ್ಣ ಹಲ್ಲುಹಲ್ಲಾಗಿರುವ ಶಾಶ್ವತ ಬಾಚಿಹಲ್ಲು. ಅದರ ಪಕ್ಕದಲ್ಲಿ ತೆರಪು. ಅಲ್ಲಿದ್ದ ಹಾಲುಹಲ್ಲು ಬಿದ್ದು ಹದಿನೈದು ದಿನವಾಗಿತ್ತು, ಹೊಸದು ಇನ್ನೂ ಮೂಡಿರಲಿಲ್ಲ. ಬಳಿಕ ಕೋರೆಹಲ್ಲು, ಎರಡು ಹಾಲಿನ ದವಡೆಹಲ್ಲು, ಅವುಗಳ ಹಿಂದೆ ಇನ್ನೊಂದು. ತೆರಪನ್ನೂ ಒಂದೆಂದು ಹಿಡಿದರೆ ಕೊನೆಯದು ಆರನೆಯದು; ತೆರಪನ್ನು ಬಿಟ್ಟರೆ ಐದನೆಯದಾಗಿ ಕಾಣುತ್ತದೆ. ಆರೇಳು ವರ್ಷದ ಮಕ್ಕಳಲ್ಲಿ ಮುಂದಿನ ಹಲ್ಲುಗಳು ಬೀಳುವ ಕಾಲವೂ ಇದೇ ಆದುದರಿಂದ, ಎಣಿಸುವಾಗ ಬಿದ್ದ ಹಲ್ಲಿನ ಜಾಗವನ್ನು ಬಿಡದೆ ಸೇರಿಸಿಕೊಳ್ಳಬೇಕು.

ಎಣಿಕೆಯಲ್ಲಿ ಸಂಶಯ ಬಂದರೆ ಹಲ್ಲಿನ ಆಕಾರವನ್ನು ನೋಡಬಹುದು. ಒಸಡಿನಿಂದ ಮೇಲಕ್ಕೆ ಕಾಣುವ ಭಾಗಕ್ಕೆ ಹಲ್ಲಿನ ಕಿರೀಟವೆನ್ನುತ್ತಾರೆ. ಕೆಳಗಿನ ಆರನೆಯ ಹಲ್ಲಿನ ಕಿರೀಟದ ಮೇಲೆ ಸಾಮಾನ್ಯವಾಗಿ ಐದು ದಿಬ್ಬಗಳಿರುತ್ತವೆ: ಕೆನ್ನೆಯ ಕಡೆಗೆ ಮೂರು, ನಾಲಗೆಯ ಕಡೆಗೆ ಎರಡು. ಅವುಗಳ ನಡುವೆ ಆಳವಾದ ಸೀಳುಗಳು ಹರಿದಿರುತ್ತವೆ. ಇಲ್ಲಿ ಒಂದು ತೊಡಕು ಉಂಟು. ಅದರ ಮುಂದಿರುವ ಐದನೆಯ ಹಾಲುಹಲ್ಲಿಗೂ ಐದು ದಿಬ್ಬಗಳಿದ್ದು, ಅದು ಆರನೆಯದರ ಚಿಕ್ಕ ಪ್ರತಿಯಂತೆ ಕಾಣುತ್ತದೆ. ಎರಡನ್ನೂ ಒಟ್ಟಿಗೆ, ಬೆಳಕಿನಲ್ಲಿ ನೋಡಬೇಕು. ಹಾಲುಹಲ್ಲು ಹಾಲಿನಂತೆ ಬೆಳ್ಳಗೆ, ತುಸು ನೀಲಿಯ ಛಾಯೆಯಿಂದ ಕೂಡಿ, ಒಸಡಿನ ಬಳಿ ಉಬ್ಬಿಕೊಂಡಿರುತ್ತದೆ. ಅದರ ಕೆನ್ನೆಕಡೆಯ ಮೂರು ದಿಬ್ಬಗಳೂ ಹೆಚ್ಚುಕಡಿಮೆ ಒಂದೇ ಗಾತ್ರ. ಶಾಶ್ವತ ಹಲ್ಲು ತುಸು ಹಳದಿ, ಗಾತ್ರದಲ್ಲಿ ದೊಡ್ಡದು, ಕೆನ್ನೆಕಡೆಯ ಮೂರರಲ್ಲಿ ತೀರ ಹಿಂದಿನ ದಿಬ್ಬ ಉಳಿದೆರಡಕ್ಕಿಂತ ಚಿಕ್ಕದು. ಹೊಸ ಹಲ್ಲು ಹಳದಿಯಾಗಿದೆಯೆಂದು ಕೆಲವು ತಾಯಂದಿರು ಗಾಬರಿಯಾಗುತ್ತಾರೆ. ಅದು ಅದರ ಸಹಜವಾದ ಬಣ್ಣ.

ಇನ್ನು ಚೀಟಿಯ ಸಂಖ್ಯೆ. ನಮ್ಮ ದೇಶದ ದಂತವೈದ್ಯರು ಹೆಚ್ಚಾಗಿ ಬಳಸುವುದು ಎರಡು ಅಂಕಿಗಳ ಅಂತರರಾಷ್ಟ್ರೀಯ ಪದ್ಧತಿ. ಇದರಲ್ಲಿ 36 ಎಂಬುದು ಮೂವತ್ತಾರಲ್ಲ. "ಮೂರು, ಆರು" ಎಂದು ಬಿಡಿಬಿಡಿಯಾಗಿ ಓದಬೇಕು. ಮೊದಲ ಅಂಕಿ ಬಾಯಿಯ ಭಾಗವನ್ನು ಹೇಳುತ್ತದೆ, ಎರಡನೆಯದು ನಡುಗೆರೆಯಿಂದ ಎಷ್ಟನೆಯ ಸ್ಥಾನವೆಂಬುದನ್ನು ಹೇಳುತ್ತದೆ. ಶಾಶ್ವತ ಹಲ್ಲಾದರೆ ಮೇಲಿನ ಬಲ ಒಂದು, ಮೇಲಿನ ಎಡ ಎರಡು, ಕೆಳಗಿನ ಎಡ ಮೂರು, ಕೆಳಗಿನ ಬಲ ನಾಲ್ಕು. ಹಾಲುಹಲ್ಲಾದರೆ ಅದೇ ಸುತ್ತಿನಲ್ಲಿ ಐದು, ಆರು, ಏಳು, ಎಂಟು. ಎಡಬಲಗಳು ಮಗುವಿನವು, ಎದುರಿಗೆ ಕುಳಿತು ನೋಡುವವರವಲ್ಲ.

ಈಗ ಆ ಚೀಟಿಯನ್ನು ಓದೋಣ. 75 ಎಂದರೆ ಕೆಳಗಿನ ಎಡಭಾಗದ ಐದನೆಯ ಹಾಲುಹಲ್ಲು. 36 ಎಂದರೆ ಅದೇ ಭಾಗದ ಆರನೆಯ, ಶಾಶ್ವತ ಹಲ್ಲು. ಒಂದಕ್ಕೊಂದು ತಾಗಿ ನಿಂತ ಈ ಎರಡರಲ್ಲಿ ಒಂದು ಇನ್ನು ನಾಲ್ಕು ವರ್ಷ ಇರತಕ್ಕದ್ದು, ಇನ್ನೊಂದು ಜೀವಮಾನವಿಡೀ ಇರತಕ್ಕದ್ದು. ಹಳೆಯ ಪದ್ಧತಿಯ ಕೆಲವು ಚೀಟಿಗಳಲ್ಲಿ ಒಂದು ಮೂಲೆಗೆರೆ ಎಳೆದು ಬರಿಯ 6 ಎಂದು ಬರೆದಿರುತ್ತಾರೆ. ಅಮೆರಿಕದಲ್ಲಿ ಹಲ್ಲುಗಳಿಗೆ ಒಂದರಿಂದ ಮೂವತ್ತೆರಡರವರೆಗೆ ಸರಣಿಯಾಗಿ ಸಂಖ್ಯೆ ಕೊಡುವುದರಿಂದ ನಮ್ಮ 36 ಅಲ್ಲಿ 19 ಆಗುತ್ತದೆ. ನಿಮ್ಮ ಕೈಗೆ ಬಂದ ಚೀಟಿ ಯಾವ ಕ್ರಮದ್ದೆಂದು ತಿಳಿಯದಿದ್ದರೆ, "ಇದು ಹಾಲುಹಲ್ಲೋ, ಶಾಶ್ವತ ಹಲ್ಲೋ?" ಎಂದು ಬರೆದವರನ್ನೇ ಕೇಳಲು ಸಂಕೋಚಪಡಬೇಡಿ.

ಆ ಬಾಲಕಿಯನ್ನು ತಾಲ್ಲೂಕು ಆಸ್ಪತ್ರೆಯ ದಂತವೈದ್ಯರ ಬಳಿಗೆ ಕಳುಹಿಸಿದೆ. 36ರ ಹುಳುಕು ಸೀಳಿನ ತಳದಲ್ಲಿತ್ತು, ಹಲ್ಲಿನ ಒಳಗಿನ ನರವನ್ನು ಮುಟ್ಟಿರಲಿಲ್ಲ. ಕೊಳೆತ ಭಾಗವನ್ನು ತೆಗೆದು ತುಂಬಿದರು. 75ರಲ್ಲಿ ಹುಳುಕು ಆಳಕ್ಕೆ ಇಳಿದಿತ್ತು. ಬೀಳುವ ಹಲ್ಲಾದರೂ ಅದನ್ನು ಕೀಳದೆ, ಒಳಗಿನ ನರಕ್ಕೆ ಚಿಕಿತ್ಸೆ ಮಾಡಿ ಉಕ್ಕಿನ ಟೊಪ್ಪಿಗೆ ತೊಡಿಸಿದರು. ತಂದೆಗೆ ಇದು ವಿಚಿತ್ರವೆನಿಸಿತು. ಕಾರಣ ಸರಳವಾದುದು. 75ನ್ನು ಆಗಲೇ ಕಿತ್ತಿದ್ದರೆ ಅದರ ಹಿಂದಿರುವ 36 ಮುಂದಕ್ಕೆ ವಾಲುತ್ತಿತ್ತು. ಹನ್ನೊಂದನೆಯ ವರ್ಷದಲ್ಲಿ ಬರಬೇಕಾದ ಹಲ್ಲಿಗೆ ಜಾಗ ಸಾಲದೆ ಅದು ಓರೆಯಾಗಿ ಮೂಡುತ್ತಿತ್ತು ಅಥವಾ ಒಳಗೇ ಸಿಕ್ಕಿಕೊಳ್ಳುತ್ತಿತ್ತು. 36ನ್ನೇ ಕಳೆದುಕೊಂಡರೆ ಹಿಂದಿನ ಹಲ್ಲು ಆ ತೆರಪಿನೊಳಕ್ಕೆ ಬಾಗುತ್ತದೆ, ಮೇಲಿನ ಹಲ್ಲು ಎದುರು ಆಸರೆಯಿಲ್ಲದೆ ಕೆಳಕ್ಕೆ ಇಳಿಯುತ್ತದೆ, ಆ ಬದಿಯಲ್ಲಿ ಅಗಿಯುವುದು ಕಷ್ಟವಾಗುತ್ತದೆ.

ಇನ್ನೊಂದು ಮಾತನ್ನು ಸೇರಿಸಬೇಕು. ಆರನೆಯ ಹಲ್ಲು ಬಾಯಿಗೆ ಬಂದಾಗ ಅದರ ಬೇರು ಪೂರ್ತಿ ಬೆಳೆದಿರುವುದಿಲ್ಲ. ಒಂಬತ್ತು ಹತ್ತು ವರ್ಷದ ಸುಮಾರಿಗೆ ಬೇರಿನ ತುದಿ ಕೂಡಿಕೊಳ್ಳುತ್ತದೆ. ಅದಕ್ಕೆ ಮೊದಲೇ ಒಳಗಿನ ನರ ಸತ್ತರೆ ಬೇರು ಗಿಡ್ಡವಾಗಿಯೂ ತೆಳುವಾಗಿಯೂ ಉಳಿದುಬಿಡುತ್ತದೆ. ತಣ್ಣೀರು ಕುಡಿದಾಗ ಮಾತ್ರ ಜುಮ್ಮೆಂದು ಕೂಡಲೇ ಇಳಿಯುವ ನೋವಿನ ಹಂತದಲ್ಲಿ ಬಂದರೆ ಬಹುಮಟ್ಟಿಗೆ ತುಂಬಿಸಿ ಉಳಿಸಬಹುದು. ತಾನಾಗಿಯೇ ಬರುವ, ರಾತ್ರಿ ನಿದ್ದೆಗೆಡಿಸುವ ನೋವಾದರೆ ನರಕ್ಕೆ ತಾಗಿದೆಯೆಂದು ತಿಳಿಯಬೇಕು. ಕೆನ್ನೆ ಊದಿ, ಜ್ವರ ಬಂದು, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಎಲ್ಲ ಹಲ್ಲುಗಳನ್ನೂ ಉಳಿಸಲಾಗುವುದಿಲ್ಲ; ತೀರ ಕೆಟ್ಟದ್ದನ್ನು ಯಾವ ವಯಸ್ಸಿನಲ್ಲಿ ಕೀಳಬೇಕೆಂಬುದೂ ದಂತವೈದ್ಯರು ಎಕ್ಸ್‌ರೇ ನೋಡಿ ನಿರ್ಧರಿಸುವ ವಿಷಯ.

ಹುಳುಕು ಈ ಹಲ್ಲಿಗೇ ಏಕೆ ಬೇಗ ಹತ್ತುತ್ತದೆ? ಅದರ ಸೀಳುಗಳು ಅನೇಕ ಕಡೆ ಬ್ರಷ್ಷಿನ ಎಳೆಗಿಂತಲೂ ಕಿರಿದು. ಒಳಕ್ಕೆ ಹೋದ ಹಿಟ್ಟು, ಸಕ್ಕರೆ ಅಲ್ಲೇ ನಿಲ್ಲುತ್ತವೆ. ಅಲ್ಲದೆ ಎದುರು ಹಲ್ಲಿಗೆ ತಾಗುವಷ್ಟು ಮೇಲೇಳಲು ಅದಕ್ಕೆ ಅನೇಕ ತಿಂಗಳು, ಒಮ್ಮೊಮ್ಮೆ ಒಂದು ವರ್ಷವೇ ಹಿಡಿಯುತ್ತದೆ. ಅಷ್ಟು ಕಾಲ ಅದು ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುವುದರಿಂದ ಉದ್ದಕ್ಕೆ ಓಡಿಸುವ ಬ್ರಷ್ಷು ಅದರ ಮೇಲೆ ಹಾದುಹೋಗುತ್ತದೆ, ಮುಟ್ಟುವುದಿಲ್ಲ. ಆದ್ದರಿಂದ ಮಗುವಿನ ಹಿಂದೆ ನಿಂತು, ತಲೆಯನ್ನು ನಿಮ್ಮ ಎದೆಗೆ ಒರಗಿಸಿಕೊಂಡು, ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡಲಾಗಿ ಆ ಒಂದು ಹಲ್ಲಿನ ಮೇಲಿಟ್ಟು ಉಜ್ಜಬೇಕು. ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಹಿಂಭಾಗದಲ್ಲಿ ಒಸಡಿನ ಮಡಿಕೆ ಹಲ್ಲನ್ನು ಅರ್ಧ ಮುಚ್ಚಿಕೊಂಡಿದ್ದು ಸ್ವಲ್ಪ ನೋಯುವುದುಂಟು. ಉಗುರಿನಿಂದ ಕೆರೆಯದೆ, ಉಗುರುಬೆಚ್ಚನೆಯ ಉಪ್ಪುನೀರಿನಿಂದ ಮುಕ್ಕಳಿಸಿ ಶುಚಿಯಾಗಿಡಬೇಕು. ಒಸಡು ಪೂರ್ತಿ ಸರಿದ ಮೇಲೆ ಸೀಳುಗಳನ್ನು ಮುಚ್ಚುವ ಲೇಪವನ್ನು ದಂತವೈದ್ಯರು ಹಾಕಬಲ್ಲರು. ಹಲ್ಲು ಒಣಗಿದ್ದರೆ ಮಾತ್ರ ಆ ಲೇಪ ನಿಲ್ಲುವುದರಿಂದ ಒಸಡು ಮುಚ್ಚಿರುವಾಗ ಅದನ್ನು ಹಾಕಲು ಬರುವುದಿಲ್ಲ.

ಅಭ್ಯಾಸಕ್ಕಾಗಿ ಒಂದು ಪ್ರಶ್ನೆ. ಎಂಟು ವರ್ಷದ ಹುಡುಗನ ಚೀಟಿಯಲ್ಲಿ "85, 46" ಎಂದಿದೆ. ಇವು ಯಾವ ಹಲ್ಲುಗಳು? ಮೊದಲ ಅಂಕಿಗಳಾದ ಎಂಟು ಮತ್ತು ನಾಲ್ಕು, ಎರಡೂ ಕೆಳಗಿನ ಬಲಭಾಗವನ್ನೇ ಸೂಚಿಸುತ್ತವೆ. ಎಂಟು ಹಾಲುಹಲ್ಲಿಗೆ, ನಾಲ್ಕು ಶಾಶ್ವತ ಹಲ್ಲಿಗೆ. 85 ನಡುಗೆರೆಯಿಂದ ಐದನೆಯದು, ಹತ್ತರಿಂದ ಹನ್ನೆರಡು ವರ್ಷದೊಳಗೆ ಬೀಳುವಂಥದು. 46 ಅದರ ಹಿಂದಿನದು, ಆರನೆಯ ವರ್ಷದ ದವಡೆಹಲ್ಲು.