ಆಟೊ ಚಾಲಕರನ್ನು ಸಂದರ್ಶನಕ್ಕೆ ಕರೆಯುವಾಗ ಮಾಡಬೇಕಾದ್ದು, ಮಾಡಬಾರದ್ದು

ಯಾದಗಿರಿ, ಶಹಾಪುರ, ಸುರಪುರದ ಆಟೊ ಸ್ಟ್ಯಾಂಡುಗಳಿಗೆ ಹೋಗುವ ಎಲ್ಲ ಸಂದರ್ಶಕರಿಗೂ ಈ ಸೂಚನೆ ಅನ್ವಯಿಸುತ್ತದೆ. ಸಂದರ್ಶನ ಹೇಗೆ ಮಾಡಬೇಕೆಂಬುದನ್ನು ಬೇರೆ ಹೇಳಿದ್ದೇವೆ. ಇಲ್ಲಿರುವುದು ಅದಕ್ಕೂ ಮುಂಚಿನ ಕೆಲಸ, ಅಂದರೆ ಚಾಲಕರನ್ನು ಕರೆಯುವ ಮಾತು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ.

ಹೇಳಬೇಕಾದ ಮಾತು ಇದು. ನೈತಿಕ ಸಮಿತಿ ಒಪ್ಪಿದ್ದು ಇದೇ ಒಕ್ಕಣೆಯನ್ನು. ಇದರಲ್ಲಿ ಒಂದು ವಾಕ್ಯ ಬದಲಿಸಬೇಕೆನಿಸಿದರೂ ಮೊದಲು ಸಮಿತಿಯನ್ನು ಕೇಳಬೇಕು.

“ನಮಸ್ಕಾರ್ರಿ. ಯಾದಗಿರಿ, ಶಹಾಪುರ, ಸುರಪುರದಾಗ ಆಟೊ ಓಡಿಸೋರ ದುಡಿಮಿ ಹ್ಯಾಂಗ ನಡದದ, ಈ ನಾಕೈದು ವರ್ಷದಾಗ ಏನೇನು ಬದಲಾಗ್ಯಾದ ಅಂತ ತಿಳ್ಕೊಳ್ಳಾಕ ಅಧ್ಯಯನ ಮಾಡ್ಲಾಕತ್ತೀವಿ. ಒಂದು ಸಲ ಕೂತು ಮಾತಾಡಬೇಕು, ಎಲ್ಲಾ ಸೇರಿ ಒಂದು ತಾಸು. ನಿಮಗ ಇಷ್ಟ ಇದ್ದರ ಬರ್ರಿ, ಇಲ್ಲಂದ್ರ ಬ್ಯಾಡ. ನಡುವ ಎದ್ದು ಹೋದರೂ ನಡೀತದ. ಬೇಡಾದ ಪ್ರಶ್ನೆಗೆ ಉತ್ತರ ಕೊಡಬ್ಯಾಡ್ರಿ. ನಾವು ಸರ್ಕಾರದೋರಲ್ಲ. ಇದರಿಂದ ಸಾಲ, ಪರಿಹಾರ, ಪರ್ಮಿಟ್ ಯಾವುದೂ ಸಿಗಂಗಿಲ್ಲ. ನಿಮ್ಮ ಒಂದು ತಾಸಿನ ದುಡಿಮಿ ಹೋಗ್ತದಲ್ಲ, ಅದಕ್ಕ 200 ರೂಪಾಯಿ ಕೊಡ್ತೀವಿ. ಹೆಸರು, ಗಾಡಿ ನಂಬರ್ ಬರಕೊಳ್ಳಂಗಿಲ್ಲ.”

ಈ ಮಾತನ್ನು ಓದಿ ಹೇಳಬೇಕು. ಚೀಟಿ ಕೊಟ್ಟು ಹೊರಟುಬಿಡಬಾರದು. ವಾಟ್ಸಾಪಿನಲ್ಲಿ ಕಳಿಸುವುದಾದರೆ ಧ್ವನಿ ಸಂದೇಶವಾಗಿಯೇ ಕಳಿಸಿ, ದಖನಿ ಮಾತಾಡುವವರಿಗಾಗಿ ದಖನಿಯಲ್ಲಿ ಮಾಡಿದ್ದೂ ಇರಲಿ. ಸ್ಟ್ಯಾಂಡಿನ ಗುಂಪಿಗೆ ಹಾಕಿದಾಗ “ಬರ್ತೀನಿ ಅನ್ನೋರು ಇಲ್ಲೇ ಉತ್ತರ ಹಾಕ್ರಿ” ಎಂದು ಸೇರಿಸಬೇಡಿ. ಹಾಗೆ ಮಾಡಿದರೆ ಯಾರು ಬಂದರು, ಯಾರು ಬರಲಿಲ್ಲ ಎಂಬುದು ಸ್ಟ್ಯಾಂಡಿಗೆಲ್ಲ ಗೊತ್ತಾಗುತ್ತದೆ. ಮನಸ್ಸಿದ್ದವರು ನಮ್ಮ ನಂಬರಿಗೆ ಕರೆ ಮಾಡುತ್ತಾರೆ.

ಉದ್ದೇಶ ಹೇಳುವಾಗ

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು, ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣ ಉಚಿತವಾಯಿತು. ಅದರಿಂದ ಆಟೊದವರ ದುಡಿಮೆಗೆ ಏನಾಯಿತು ಎಂಬುದು ನಮ್ಮ ಪ್ರಶ್ನೆಗಳಲ್ಲಿ ಒಂದು. ಆದರೆ ಕರೆಯುವ ಮಾತಿನಲ್ಲಿ “ಶಕ್ತಿ ಯೋಜನೆಯಿಂದ ನಿಮಗಾದ ನಷ್ಟ” ಎಂಬ ಪದಗಳು ಬರಕೂಡದು. ಬಂದರೆ ನಷ್ಟವಾದವರು ಮಾತ್ರ ಮುಂದೆ ಬರುತ್ತಾರೆ. ಬಸ್ಸಿಳಿದ ಹೆಂಗಸರು ಬಸ್ ನಿಲ್ದಾಣದಿಂದ ಮನೆಗೆ ಆಟೊ ಹಿಡಿಯುವುದರಿಂದ ಗಿರಾಕಿ ಹೆಚ್ಚಿದ ಚಾಲಕ ಇದ್ದರೆ, ಅವನು ಇದು ತನಗಲ್ಲ ಎಂದುಕೊಂಡು ಸುಮ್ಮನಾಗುತ್ತಾನೆ. ನಮಗೆ ಇಬ್ಬರೂ ಬೇಕು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಕೊರೊನಾ ಕಾಲದಲ್ಲಿ ರಾಜ್ಯ ಸರ್ಕಾರ ಆಟೊ, ಟ್ಯಾಕ್ಸಿ ಚಾಲಕರಿಗೆ 2020ರಲ್ಲಿ 5,000 ರೂಪಾಯಿ, 2021ರಲ್ಲಿ 3,000 ರೂಪಾಯಿ ಪರಿಹಾರ ಘೋಷಿಸಿತ್ತು. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ, ಲೈಸೆನ್ಸ್, ಗಾಡಿ, ಆಧಾರ್ ವಿವರ ಕೊಡಬೇಕಿತ್ತು. ಹಾಗಾಗಿ ಪೆನ್ನು, ಹಾಳೆ ಹಿಡಿದು ಯಾರಾದರೂ ಸ್ಟ್ಯಾಂಡಿಗೆ ಬಂದು ಹೆಸರು ಕೇಳಿದರೆ ಇನ್ನೊಂದು ಪರಿಹಾರ ಬಂತು ಎಂದು ಚಾಲಕರು ತಿಳಿಯುವುದು ಸಹಜ. ಆ ಆಸೆಯಲ್ಲಿ ಬಂದವರು ಕಷ್ಟವನ್ನು ಹಿಗ್ಗಿಸಿ ಹೇಳುತ್ತಾರೆ. ಅದು ಅವರ ತಪ್ಪಲ್ಲ. “ಲೈಸೆನ್ಸ್ ಝೆರಾಕ್ಸ್ ತರ್ಲೇನ್ರಿ?” ಎಂದು ಯಾರಾದರೂ ಕೇಳಿದರೆ ನಮ್ಮ ಮಾತು ಅವರಿಗೆ ಮುಟ್ಟಿಲ್ಲ ಎಂದೇ ಅರ್ಥ. ಅಲ್ಲಿಗೇ ನಿಲ್ಲಿಸಿ, “ಇದರಿಂದ ಯಾವುದೂ ಸಿಗಂಗಿಲ್ಲ” ಎಂಬ ಸಾಲನ್ನು ಮತ್ತೆ ಹೇಳಿ. ಆಮೇಲೂ ಮನಸ್ಸಿದ್ದರೆ ಮಾತ್ರ ಮುಂದುವರಿಯಿರಿ. ಲೈಸೆನ್ಸ್, ಬ್ಯಾಡ್ಜು, ಆಧಾರ್ ಇವನ್ನು ಮುಟ್ಟಲೂಬೇಡಿ. “ನಿಮ್ಮ ಕಷ್ಟ ಮ್ಯಾಲಿನೋರಿಗೆ ಮುಟ್ಟಸ್ತೀವಿ” ಎನ್ನುವುದೂ ಬೇಡ. ಆ ಭರವಸೆ ಕೊಡುವ ಅಧಿಕಾರ ನಮಗಿಲ್ಲ.

ಹೊತ್ತು

ಪ್ರಶ್ನೆಗಳಿಗೆ 45 ನಿಮಿಷ ಸಾಕು. ಆದರೆ ಒಪ್ಪಿಗೆ ಪತ್ರ ಓದಿ ಹೇಳಲು, ಅವರ ಅನುಮಾನಗಳಿಗೆ ಉತ್ತರ ಕೊಡಲು ಇನ್ನೊಂದು ಕಾಲು ತಾಸು ಹಿಡಿಯುತ್ತದೆ. ಅದಕ್ಕೇ ಒಂದು ತಾಸು ಎಂದೇ ಹೇಳಿ. “ಐದೇ ನಿಮಿಷ” ಎಂದು ಕೂರಿಸಿಕೊಂಡು ಎಳೆಯಬೇಡಿ.

ಶಾಲೆ ಮಕ್ಕಳ ಟ್ರಿಪ್ಪಿನ ಹೊತ್ತಿಗೆ ಯಾರನ್ನೂ ತಡೆಯಬೇಡಿ. ಯಾದಗಿರಿ ಸ್ಟೇಷನ್ ಎದುರಿನವರ ಲೆಕ್ಕ ರೈಲಿನ ವೇಳೆಯ ಮೇಲೆ ನಡೆಯುತ್ತದೆ, ಗಾಡಿ ಬರುವ ಹೊತ್ತಿಗೆ ಅಲ್ಲಿ ಹೋಗಿ ನಿಲ್ಲುವುದು ಬೇಡ. ಪಾಳಿಯಲ್ಲಿ ಮುಂದೆ ನಿಂತಿರುವ ಆಟೊದವರನ್ನು ಕರೆಯಲೇಬಾರದು, ಹೊರಟರೆ ಅವರ ಪಾಳಿ ತಪ್ಪುತ್ತದೆ. ಹೊತ್ತು ಅವರೇ ಹೇಳಲಿ, ಜಾಗವನ್ನೂ ಅವರೇ ಆರಿಸಲಿ.

200 ರೂಪಾಯಿ ಎಲ್ಲರಿಗೂ ಒಂದೇ. ಹತ್ತು ನಿಮಿಷಕ್ಕೆ ಎದ್ದು ಹೋದವರಿಗೂ ಪೂರ್ತಿ ಕೊಡಿ. ಕಡೆಯವರೆಗೆ ಕೂತವರಿಗೆ ಮಾತ್ರ ಕೊಟ್ಟರೆ, ಎದ್ದು ಹೋಗಬಹುದು ಎಂದು ಹೇಳಿದ ಮಾತಿಗೆ ಬೆಲೆ ಉಳಿಯುವುದಿಲ್ಲ.

ಒಲ್ಲೆ ಎನ್ನುವುದನ್ನು ಕೇಳಿಸಿಕೊಳ್ಳಿ

ನಮ್ಮ ಭಾಗದಲ್ಲಿ ಮನೆಗೆ ಬಂದವರಿಗಾಗಲಿ, ಸ್ಟ್ಯಾಂಡಿಗೆ ಬಂದವರಿಗಾಗಲಿ ಮುಖದ ಮೇಲೆ ಒಲ್ಲೆ ಅನ್ನುವವರು ಕಡಿಮೆ. “ನೋಡೂಣ್ರಿ”, “ನಾಳಿಗೆ ಬರ್ರಿ”, “ಆಯ್ತ್ರಿ, ಹೇಳ್ತೀನಿ” ಎನ್ನುತ್ತಾರೆ. ಇವನ್ನೆಲ್ಲ ಒಲ್ಲೆ ಎಂದೇ ಬರೆದುಕೊಳ್ಳಿ. ನಮ್ಮ ನಂಬರು ಕೊಟ್ಟು ಬನ್ನಿ. ಅವರಾಗಿ ಕರೆದರೆ ಸರಿ, ನಾವು ಮತ್ತೆ ಕರೆ ಮಾಡುವುದಿಲ್ಲ. ಚಹಾ ಕುಡಿಸಿ ಒಪ್ಪಿಸುವುದು, “ಅಣ್ಣಾ, ನನ್ನ ಓದಿಗೆ ಇದು ಬೇಕ್ರಿ” ಎಂದು ಕರುಣೆ ಹುಟ್ಟಿಸುವುದು ಎರಡೂ ಒತ್ತಾಯವೇ. ಏಕೆ ಒಲ್ಲಿರಿ ಎಂದು ಕಾರಣ ಕೇಳಬೇಡಿ.

ಸ್ಟ್ಯಾಂಡಿನಲ್ಲಿ ನಿಂತು ಮಾತಾಡಲು ಸಂಘದ ಅಧ್ಯಕ್ಷರಿಗೆ ಮೊದಲು ತಿಳಿಸುವುದು ಮರ್ಯಾದೆ. ಅಷ್ಟಕ್ಕೆ ನಿಲ್ಲಿಸಿ. “ಏ ಬಾರೋ, ಸರ್ ಜೊತಿ ಮಾತಾಡು” ಎಂದು ಅವರು ನಾಲ್ಕು ಜನರನ್ನು ಕರೆದು ಕೂರಿಸಿದರೆ ಆ ನಾಲ್ವರನ್ನು ತೆಗೆದುಕೊಳ್ಳಬೇಡಿ. ನಮಸ್ಕಾರ ಹೇಳಿ, ಸಂದೇಶ ಓದಿ, ನಂಬರು ಕೊಟ್ಟು ಕಳಿಸಿ. ಬಾಡಿಗೆ ಆಟೊ ಓಡಿಸುವವರನ್ನು ಮಾಲೀಕರ ಮೂಲಕ ಕರೆಸುವುದು ಇನ್ನೂ ಕೆಟ್ಟದ್ದು, ಏಕೆಂದರೆ ಮರುದಿನ ಗಾಡಿ ಕೊಡುವವರು ಅವರೇ. ಪೊಲೀಸರ, ಆರ್‌ಟಿಒ ಕಚೇರಿಯ ಸಹಾಯ ಯಾವ ಕಾರಣಕ್ಕೂ ಬೇಡ.

ಗುಟ್ಟು

ಮಾತಿಗೆ ಕೂತ ಚಾಲಕರು ಪರ್ಮಿಟ್ಟಿಗಿಂತ ಹೆಚ್ಚು ಜನ ಕೂರಿಸಿದ್ದನ್ನೂ ಹೇಳಬಹುದು, ಫೈನಾನ್ಸಿನ ಕಂತು ತಪ್ಪಿದ್ದನ್ನೂ ಹೇಳಬಹುದು. ಅದಕ್ಕೇ ಆಟೊದ ಫೋಟೊ ತೆಗೆಯುವಂತಿಲ್ಲ. ನಂಬರ್ ಪ್ಲೇಟ್ ಬಿಟ್ಟು ತೆಗೆದರೂ ಹಿಂದಿನ ಬರಹ, ಮುಂದಿನ ದೇವರ ಚಿತ್ರ ನೋಡಿಯೇ ಊರವರು ಗಾಡಿ ಗುರುತಿಸುತ್ತಾರೆ. ರೆಕಾರ್ಡ್ ಮಾಡಲು ಬೇರೆಯಾಗಿ ಕೇಳಿ. ಮಾತಿಗೆ ಒಪ್ಪಿದವರು ರೆಕಾರ್ಡಿಗೂ ಒಪ್ಪಿದ್ದಾರೆ ಎಂದುಕೊಳ್ಳಬೇಡಿ.

ಸುರಪುರ, ಶಹಾಪುರದಂಥ ಊರಿನಲ್ಲಿ ಹೆಸರು ತೆಗೆದ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ. ಊರು, ಸ್ಟ್ಯಾಂಡು, ವಯಸ್ಸು ಮೂರನ್ನೂ ಒಟ್ಟಿಗೆ ಬರೆದರೆ ಯಾರೆಂದು ಯಾರಾದರೂ ಹೇಳಿಯಾರು. ಆದ್ದರಿಂದ ಟಿಪ್ಪಣಿಯಲ್ಲಿ ಊರು ಬರಲಿ, ಸ್ಟ್ಯಾಂಡಿನ ಹೆಸರು ಬೇಡ. ವಯಸ್ಸಿನ ಜಾಗದಲ್ಲಿ “ಮೂವತ್ತರ ಮೇಲೆ” ಎಂಬಂತಿರಲಿ.

ಸಂದರ್ಶನದಲ್ಲಿ ಹೇಳಿದ ಮಾತನ್ನು ಚಾಲಕರು ವಾಪಸ್ ಪಡೆಯಬಹುದು. ಸಂದರ್ಶನ ಮುಗಿದಾಗ ಅವರಿಗೆ ಒಂದು ಸಂಖ್ಯೆಯ ಚೀಟಿ ಕೊಡುತ್ತೇವೆ. 15 ದಿನದೊಳಗೆ ಕರೆ ಮಾಡಿ ಆ ಸಂಖ್ಯೆ ಹೇಳಿದರೆ ಧ್ವನಿ, ಬರಹ ಎರಡನ್ನೂ ಅಳಿಸುತ್ತೇವೆ. ಆಮೇಲೆ ಎಲ್ಲರ ಮಾತು ಬೆರೆತುಹೋಗುವುದರಿಂದ ಬಿಡಿಸಿ ತೆಗೆಯಲು ಬರುವುದಿಲ್ಲ. ಈ ಗಡುವನ್ನು ಸಂದರ್ಶನಕ್ಕೆ ಮುಂಚೆಯೇ ಹೇಳಬೇಕು. 200 ರೂಪಾಯಿ ವಾಪಸ್ ಕೇಳಕೂಡದು.

ಮೂರೂ ಊರುಗಳಿಂದ ಸಮನಾಗಿ ಜನ ಬೇಕು. ರೈಲು ನಿಲ್ದಾಣ ಯಾದಗಿರಿಯಲ್ಲಿ ಮಾತ್ರ ಇದೆ, ಅಲ್ಲಿ ಆಟೊ ಸುಲಭವಾಗಿ ಸಿಗುತ್ತವೆ ಎಂದು ಲೆಕ್ಕವನ್ನೆಲ್ಲ ಅಲ್ಲೇ ತುಂಬಿಸಬೇಡಿ. ಯಾವುದಾದರೂ ಊರಿನಲ್ಲಿ ಜನ ಸಿಗದಿದ್ದರೆ ಸಿಗಲಿಲ್ಲ ಎಂದು ಬರೆದು ಕಳಿಸಿ. ಒತ್ತಾಯದಿಂದ ತುಂಬಿಸಿದ ಸಂದರ್ಶನವನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.