ಕಣ್ಣಿಗೊಂದು ಪ್ರಶ್ನೆ, ಕೈಗೊಂದು ಪ್ರಶ್ನೆ

ಮಿದುಳಿಗೆ ಪೆಟ್ಟಾದವರ ದೃಷ್ಟಿಯನ್ನು ಪರೀಕ್ಷಿಸುವ ಕೆಲಸದಲ್ಲಿ ಡಿ.ಎಫ್. ಎಂಬ ಮಹಿಳೆಯ ಪ್ರಕರಣ ನನಗೆ ಪಾಠಪುಸ್ತಕದಂತಿದೆ. 1988ರಲ್ಲಿ, 34ರ ವಯಸ್ಸಿನಲ್ಲಿ, ಸ್ನಾನದ ನೀರು ಕಾಯಿಸುವ ಯಂತ್ರದ ದೋಷದಿಂದ ತುಂಬಿಕೊಂಡ ಕಾರ್ಬನ್ ಮೊನಾಕ್ಸೈಡ್ ಅವರ ಮಿದುಳನ್ನು ಘಾಸಿಗೊಳಿಸಿತು.

1. ಮೊದಲು ಕಣ್ಣಿನ ದೋಷ ಅಲ್ಲವೆಂದು ಖಚಿತಪಡಿಸಿಕೊಳ್ಳಿ. ಡಿ.ಎಫ್. ಬಣ್ಣ ಹೇಳುತ್ತಿದ್ದರು, ಮೇಲ್ಮೈಯ ನಯ-ಒರಟು ಗುರುತಿಸುತ್ತಿದ್ದರು. ಎದುರಿಗಿಟ್ಟ ಸರಳ ರೇಖಾಚಿತ್ರವನ್ನು ನಕಲು ಮಾಡಲಾಗುತ್ತಿರಲಿಲ್ಲ, ಆದರೆ ನೆನಪಿನಿಂದ ಬರೆಯುತ್ತಿದ್ದರು. ಅಂದರೆ ವಸ್ತುವಿನ ಅರಿವು ಉಳಿದಿದೆ, ಕಾಣುವ ಆಕಾರ ಮಾತ್ರ ಕೈಬಿಟ್ಟಿದೆ. ಇದೇ ಆಕಾರದ ಅಗ್ನೋಸಿಯಾ. ಚೌಕ ಮತ್ತು ಆಯತ ತೋರಿಸುವಾಗ ಎರಡರ ವಿಸ್ತೀರ್ಣ ಸಮನಾಗಿರಲಿ. ಇಲ್ಲವಾದರೆ ರೋಗಿ ದೊಡ್ಡದು-ಚಿಕ್ಕದು ನೋಡಿಯೇ ಉತ್ತರಿಸಿಬಿಡಬಹುದು.

2. ಒಂದೇ ಸಂಗತಿಯನ್ನು ಎರಡು ರೀತಿ ಕೇಳಿ. ಮೆಲ್ವಿನ್ ಗುಡೇಲ್ ಮತ್ತು ಡೇವಿಡ್ ಮಿಲ್ನರ್ ತಂಡ 1991ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಮಾದರಿ. ಓರೆಯಾಗಿ ತಿರುಗಿಸಬಹುದಾದ ಒಂದು ಸೀಳುಗಂಡಿ, ಕೈಯಲ್ಲೊಂದು ಕಾರ್ಡು. ಕಾರ್ಡನ್ನು ಇದ್ದಲ್ಲೇ ಹಿಡಿದು ಸೀಳಿನ ಓರೆಗೆ ಹೊಂದಿಸಿ ತೋರಿಸಿ ಎಂದರೆ ಡಿ.ಎಫ್. ಎತ್ತೆತ್ತಲೋ ತಿರುಗಿಸುತ್ತಿದ್ದರು. ಟಪ್ಪಾಲು ಹಾಕುವಂತೆ ಒಳಗೆ ತೂರಿಸಿ ಎಂದರೆ, ಕೈ ಚಾಚಿದಾಗಲೇ ಕಾರ್ಡು ಸರಿಯಾದ ಓರೆಗೆ ಹೊರಳುತ್ತಿತ್ತು. ಹಾಗಾಗಿ ಕಾರ್ಡು ಗಂಡಿಗೆ ತಾಗುವ ಮೊದಲಿನ ಓರೆಯನ್ನೇ ಅಳೆಯಬೇಕು. ತಾಗಿದ ಮೇಲೆ ತಿದ್ದಿದ್ದು ಸ್ಪರ್ಶದ ಕೆಲಸವಾಗಿರಬಹುದು.

ಮಿಲ್ನರ್ ಮತ್ತು ಗುಡೇಲ್ ಇದರಿಂದ ಹೇಳಿದ್ದು ಹೀಗೆ: ಹಿಂಬದಿಯ ದೃಷ್ಟಿಕೇಂದ್ರದಿಂದ ಟೆಂಪೊರಲ್ ಭಾಗಕ್ಕೆ ಇಳಿಯುವ ವೆಂಟ್ರಲ್ ಹಾದಿ ಅರಿಯುವುದಕ್ಕೆ, ಪೆರೈಟಲ್ ಭಾಗಕ್ಕೆ ಏರುವ ಡಾರ್ಸಲ್ ಹಾದಿ ಕೈಯನ್ನು ನಡೆಸುವುದಕ್ಕೆ. 1982ರಲ್ಲಿ ಅಂಗರ್‌ಲೈಡರ್ ಮತ್ತು ಮಿಶ್ಕಿನ್ ಇವನ್ನು ‘ಏನು’, ‘ಎಲ್ಲಿ’ ಎಂದು ವಿಂಗಡಿಸಿದ್ದರು. ನನ್ನ ಮಟ್ಟಿಗೆ ಹೊಸ ವಿಂಗಡಣೆಯೇ ಹೆಚ್ಚು ಉಪಯುಕ್ತ. ಸೀಳು ಎಲ್ಲಿದೆ ಎಂಬುದಷ್ಟೇ ತಿಳಿದಿದ್ದರೆ ಕಾರ್ಡು ಹೊರಳುತ್ತಿರಲಿಲ್ಲ.

3. ತಡಮಾಡಬೇಡಿ. ವಸ್ತುವನ್ನು ತೋರಿಸಿ, ಮರೆಮಾಡಿ, 2 ಸೆಕೆಂಡಿನ ನಂತರ ಹಿಡಿಯುವಂತೆ ನಟಿಸಲು ಹೇಳಿದಾಗ ಡಿ.ಎಫ್. ಅವರ ಬೆರಳುಗಳ ಅಂತರಕ್ಕೂ ವಸ್ತುವಿನ ಅಗಲಕ್ಕೂ ಸಂಬಂಧವೇ ಉಳಿಯಲಿಲ್ಲ. ಕಣ್ಣೆದುರು ಇರುವಾಗ ಅದೇ ಬೆರಳುಗಳು ಅಗಲಕ್ಕೆ ತಕ್ಕಂತೆ ತೆರೆದುಕೊಳ್ಳುತ್ತಿದ್ದವು. ಡಾರ್ಸಲ್ ಹಾದಿ ಈ ಕ್ಷಣಕ್ಕಾಗಿ ದುಡಿಯುತ್ತದೆ. ನೆನಪಿನಿಂದ ಹಿಡಿಯಲು ಅರಿತ ಆಕಾರವೇ ಬೇಕು.

4. ಒಬ್ಬ ರೋಗಿಯ ಮೇಲೆ ಇಡೀ ಸಿದ್ಧಾಂತದ ಭಾರ ಹೊರಿಸುವಾಗ ಎಚ್ಚರ ಬೇಕು. ಸ್ಕ್ಯಾನ್‌ನಲ್ಲಿ ವೆಂಟ್ರಲ್ ಹಾದಿಯ ಲ್ಯಾಟರಲ್ ಆಕ್ಸಿಪಿಟಲ್ ಪ್ರದೇಶ ಎರಡೂ ಬದಿ ಹಾನಿಗೊಂಡಿದ್ದು ಸ್ಪಷ್ಟ, ಆದರೆ ಪೆರೈಟಲ್ ಭಾಗವೂ ಪೂರ್ತಿ ಸುರಕ್ಷಿತವಾಗಿರಲಿಲ್ಲ. ಕೈಗೆ ಸಿಗುವ ವಸ್ತುವಿನ ಸ್ಪರ್ಶದಿಂದಲೇ ಹಿಡಿತ ಸರಿಹೋಗುತ್ತಿದೆ ಎಂದು 2012ರಲ್ಲಿ ಥಾಮಸ್ ಶೆಂಕ್ ವಾದಿಸಿದರು. ಪ್ರತಿ ಸಲವೂ ಒಂದೇ ಮಧ್ಯಮ ಗಾತ್ರದ ವಸ್ತು ಕೈಗೆ ಸಿಗುವಂತೆ ಮಾಡಿ, ಕಾಣುವ ಗಾತ್ರ ಮಾತ್ರ ಬದಲಿಸಿದಾಗಲೂ ಡಿ.ಎಫ್. ಬೆರಳುಗಳು ಕಂಡ ಗಾತ್ರವನ್ನೇ ಅನುಸರಿಸಿದವು ಎಂದು ಗುಡೇಲ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ಸ್ಪರ್ಶ ಬೇಕು, ಆದರೆ ಅಳತೆ ಹೇಳುವುದು ಅದಲ್ಲ.